ಅಭಿಪ್ರಾಯ ಸಂಗ್ರಹ ಆಯ್ತು, ಲೆಕ್ಕ ಎಲ್ಲಿ?

ನಿನ್ನೆ ನಮ್ಮ ಪಕ್ಷದ ವೀಕ್ಷಕರು ದಾವಣಗೆರೆಗೆ ಬಂದಿದ್ದರು. ಸ್ಥಳೀಯ ಚುನಾವಣೆಯ ಆಕಾಂಕ್ಷಿಗಳ ಬಗ್ಗೆ ಕಾರ್ಯಕರ್ತರ ಅಭಿಪ್ರಾಯ ಸಂಗ್ರಹವಂತೆ. ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ನಮ್ಮನ್ನೆಲ್ಲ ಕೂರಿಸಿ, ಮಂಡಕ್ಕಿ ಮಿರ್ಚಿ ಕೊಟ್ಟು, ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದರು. ಒಳಗೆ ಇಬ್ಬರು ಕೂತಿದ್ದರು. ಮುಂದೆ ಒಂದು ನೋಟ್‌ಬುಕ್. "ಮೂರು ಹೆಸರು ಹೇಳಿ" ಅಂದರು. ಹೇಳಿದೆ. ಪೆನ್ಸಿಲ್‌ನಲ್ಲಿ ಬರೆದುಕೊಂಡರು. ಹೌದು, ಪೆನ್ಸಿಲ್‌ನಲ್ಲಿ!

"ಯಾರಿಗೆ ಎಷ್ಟು ಜನ ಹೇಳಿದರು ಅಂತ ಸಂಜೆ ಪ್ರಕಟಿಸ್ತೀರಾ ಸರ್?" ಅಂತ ಕೇಳಿದೆ. "ಅದು ಗೌಪ್ಯ ಯಜಮಾನ್ರೇ, ಮೇಲಿನವರಿಗೆ ತಲುಪಿಸ್ತೀವಿ" ಅಂದರು. ಹೊರಗೆ ಬಂದರೆ ನಮ್ಮ ಬೂತಿನ ಹುಡುಗ ಕೇಳಿದ, "ಅಣ್ಣಾ, ನಾವು ಹೇಳಿದ್ದು ನಿಜಕ್ಕೂ ಅಲ್ಲಿಗೆ ಹೋಗುತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಬೂತ್ ಏಜೆಂಟ್ ಆಗಿ ಕೂರುವುದು ನಿಮಗೆಲ್ಲ ಗೊತ್ತು. ಮತದಾನ ಮುಗಿದ ಮೇಲೆ ಪ್ರಿಸೈಡಿಂಗ್ ಆಫೀಸರ್ 17ಸಿ ನಮೂನೆಯ ಪ್ರತಿ ಕೊಡುತ್ತಾರೆ. ಯಂತ್ರದಲ್ಲಿ ಒಟ್ಟು ಎಷ್ಟು ಮತ ಬಿದ್ದಿದೆ ಅನ್ನುವ ಲೆಕ್ಕ ಅದು, ಅವರ ಸಹಿ ಸಮೇತ. ಅದನ್ನು ತೆಗೆದುಕೊಳ್ಳದೆ ಬೂತ್ ಬಿಟ್ಟು ಬರಬೇಡಿ ಅಂತ ನಮಗೆ ಪಾಠ ಮಾಡುವುದು ಪಕ್ಷವೇ. ಸರ್ಕಾರದ ಚುನಾವಣೆಯಲ್ಲಿ ಒಂದೊಂದು ಮತಕ್ಕೂ ಲೆಕ್ಕ ಕೇಳು ಅನ್ನುವ ಪಕ್ಷ ತನ್ನ ಮನೆಯೊಳಗೆ ನಮಗೆ ಒಂದು ಚೀಟಿಯನ್ನೂ ಕೊಡುವುದಿಲ್ಲ. ನನ್ನ ಸಿಟ್ಟು ಇಷ್ಟೇ. ಟಿಕೆಟ್ ಯಾರಿಗಾದರೂ ಕೊಡಿ, ಲೆಕ್ಕ ತೋರಿಸಿ.

ಟಿಕೆಟ್ ಅಂದರೆ ಏನು ಅಂತ ಒಮ್ಮೆ ನೋಡೋಣ. ಅದು ಬಿ ಫಾರಂ. ಚುನಾವಣಾ ಆಯೋಗದ 1968ರ ಚಿಹ್ನೆಗಳ ಆದೇಶದ ಪ್ರಕಾರ ಪಕ್ಷ ಮೊದಲು ಎ ಫಾರಂ ಕೊಡುತ್ತದೆ. ನಮ್ಮ ಪರವಾಗಿ ಬಿ ಫಾರಂಗೆ ಸಹಿ ಹಾಕುವವರು ಇಂಥವರು ಅಂತ ಅದರಲ್ಲಿ ಇರುತ್ತದೆ. ಆಮೇಲೆ ಆ ವ್ಯಕ್ತಿ ಅಭ್ಯರ್ಥಿಯ ಹೆಸರು ಬರೆದು, ಶಾಯಿಯಲ್ಲಿ ಸಹಿ ಹಾಕಿದ ಬಿ ಫಾರಂ ನಾಮಪತ್ರದ ಕೊನೆ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿ ಕೈ ಸೇರಬೇಕು. ಆ ಹೊತ್ತಿನೊಳಗೆ ಹಳೇ ಫಾರಂ ರದ್ದು ಅಂತ ತಿಳಿಸಿ ಬೇರೆಯವರ ಹೆಸರಿಗೆ ಹೊಸದು ಕೊಟ್ಟರೆ ಅದೂ ನಡೆಯುತ್ತದೆ. ಆ ಹೆಸರು ಹೇಗೆ ಬಂತು, ಯಾರು ಆರಿಸಿದರು ಅಂತ ಅಧಿಕಾರಿ ಕೇಳುವ ಹಾಗಿಲ್ಲ. ಲಕ್ಷಾಂತರ ಸದಸ್ಯರ ಪಕ್ಷದಲ್ಲಿ ಅಭ್ಯರ್ಥಿ ಯಾರು ಅನ್ನುವುದು ಕಡೆಗೆ ಒಂದು ಸಹಿಯಲ್ಲಿ ಮುಗಿಯುತ್ತದೆ.

ಅದರ ಫಲ ನಮ್ಮ ದಾವಣಗೆರೆಯಲ್ಲೇ ಇದೆ. 1996ರಿಂದ 2024ರವರೆಗೆ ಎಂಟು ಲೋಕಸಭಾ ಚುನಾವಣೆ ಆಗಿವೆ. 1996 ಮತ್ತು 1999ರಲ್ಲಿ ಜಿ. ಮಲ್ಲಿಕಾರ್ಜುನಪ್ಪನವರು, ನಡುವೆ 1998ರಲ್ಲಿ ಶಾಮನೂರು ಶಿವಶಂಕರಪ್ಪನವರು, 2004ರಿಂದ ನಾಲ್ಕು ಸಲ ಮಲ್ಲಿಕಾರ್ಜುನಪ್ಪನವರ ಮಗ ಸಿದ್ದೇಶ್ವರ ಅವರು, 2024ರಲ್ಲಿ ಶಾಮನೂರು ಅವರ ಸೊಸೆ ಪ್ರಭಾ ಮಲ್ಲಿಕಾರ್ಜುನ್ ಅವರು. ಎಂಟಕ್ಕೆ ಎಂಟೂ ಎರಡೇ ಮನೆಗೆ. 2024ರಲ್ಲಿ ಪ್ರಭಾ ಅವರ ಎದುರು ಬಿಜೆಪಿಯಿಂದ ನಿಂತವರು ಸಿದ್ದೇಶ್ವರ ಅವರ ಪತ್ನಿ ಗಾಯಿತ್ರಿ ಅವರು. ಇವರಲ್ಲಿ ಯಾರ ಬಗ್ಗೆಯೂ ನನಗೆ ತಕರಾರಿಲ್ಲ. ಜನ ವೋಟು ಹಾಕಿದ್ದಾರೆ, ಗೆದ್ದಿದ್ದಾರೆ. ಆದರೆ ಜನ ಆರಿಸಿದ್ದು ಯಾರ್ಯಾರ ನಡುವೆ? ಆ ಎರಡು ಹೆಸರು ಬರುವ ಹೊತ್ತಿಗೆ ಅರ್ಧ ಚುನಾವಣೆ ಮುಗಿದೇಹೋಗಿತ್ತು, ನಮ್ಮ ಕಣ್ಣಿಗೆ ಬೀಳದೆ.

ಅದೇ ಸಲ ಜಿ.ಬಿ. ವಿನಯ್ ಕುಮಾರ್ ಕಾಂಗ್ರೆಸ್ ಟಿಕೆಟ್ ಕೇಳಿದ್ದರು. ಸಿಗಲಿಲ್ಲ, ಪಕ್ಷೇತರರಾಗಿ ನಿಂತರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಅಷ್ಟು ಮಾಡಿ ನಿಂತು 40 ಸಾವಿರ ದಾಟಿ ವೋಟು ತೆಗೆದುಕೊಂಡರು. ಗೆಲುವಿನ ಅಂತರ 26,094. ಅವರು ನಿಂತಿದ್ದರಿಂದ ಯಾರಿಗೆ ಪೆಟ್ಟು ಬಿತ್ತು ಅಂತ ಅಂಕಿ ನೋಡಿ ಹೇಳಲು ಬರುವುದಿಲ್ಲ, ಹೇಳುವವರು ಸುಮ್ನೆ ಹೇಳುತ್ತಾರೆ. ನಾನು ಕೇಳುವುದು ಬೇರೆ. ಪಕ್ಷದೊಳಗೇ ಒಂದು ಮತದಾನ ನಡೆದು ಅಲ್ಲಿ ಸೋತಿದ್ದರೆ, ಎಷ್ಟರಲ್ಲಿ ಸೋತೆ ಅಂತಾದರೂ ಅವರಿಗೆ ಗೊತ್ತಾಗುತ್ತಿತ್ತು. ನಮಗೂ ಗೊತ್ತಾಗುತ್ತಿತ್ತು.

ಪಕ್ಕದ ಚಿತ್ರದುರ್ಗದ್ದು ಇನ್ನೊಂದು ಕಥೆ. 2019ರಲ್ಲಿ ಬಿಜೆಪಿ ಆನೇಕಲ್ ಕಡೆಯ ನಾರಾಯಣಸ್ವಾಮಿಯವರನ್ನು ತಂದಿತು, 2024ರಲ್ಲಿ ಮುಧೋಳದ ಗೋವಿಂದ ಕಾರಜೋಳ ಅವರನ್ನು. ಕಾರಜೋಳರ ಹೆಸರು ಬಂದಾಗ ಅಲ್ಲಿನ ಕಾರ್ಯಕರ್ತರೇ ವಿರೋಧಿಸಿದರು. ಇಬ್ಬರೂ ಗೆದ್ದರು, ಅದೂ ನಿಜ. ಗೆದ್ದ ಮೇಲೆ ಯಾರೂ ಕೇಳುವುದಿಲ್ಲ, ಅಲ್ವಾ?

ನಮ್ಮಲ್ಲಿ ಪಕ್ಷದೊಳಗೆ ಮತದಾನ ಆಗಿಯೇ ಇಲ್ಲ ಅಂತಲ್ಲ. 2023ರ ಮಾರ್ಚ್ 31ರಂದು ಬಿಜೆಪಿ ವಿಧಾನಸಭೆ ಟಿಕೆಟ್‌ಗಾಗಿ ಪದಾಧಿಕಾರಿಗಳಿಂದ ವೋಟು ಹಾಕಿಸಿತು. ಪೆಟ್ಟಿಗೆಗಳು ಬೆಂಗಳೂರಿಗೆ ಹೋದವು. ಎರಡು ವಾರದೊಳಗೆ ದೆಹಲಿಯಿಂದ ಪಟ್ಟಿ ಬಂತು. ಯಾವ ಕ್ಷೇತ್ರದಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವುದು ಮಾತ್ರ ಬರಲಿಲ್ಲ. ವೋಟು ಹಾಕಿಸಿ ಎಣಿಕೆ ಮುಚ್ಚಿಡುವುದಾದರೆ ಹಾಕಿಸುವುದೇ ಬೇಡ. ಟಿಕೆಟ್ ತಪ್ಪಿದವನಿಗೆ "ಕಾರ್ಯಕರ್ತರು ನಿನ್ನ ಪರ ಇರಲಿಲ್ಲ" ಅನ್ನಬಹುದು, ಅವನು ಪರೀಕ್ಷಿಸಿ ನೋಡುವ ಹಾಗಿಲ್ಲ.

ಕಾಂಗ್ರೆಸ್ 2014ರಲ್ಲಿ ಇದಕ್ಕಿಂತ ಚೆನ್ನಾಗಿ ಮಾಡಿತ್ತು. ರಾಹುಲ್ ಗಾಂಧಿ ಹಟ ಹಿಡಿದು ಹದಿನೈದರಷ್ಟು ಲೋಕಸಭಾ ಕ್ಷೇತ್ರಗಳಲ್ಲಿ ಪ್ರೈಮರಿ, ಅಂದರೆ ಅಭ್ಯರ್ಥಿ ಯಾರಾಗಬೇಕು ಅಂತ ಮೊದಲೇ ಮತದಾನ, ಮಾಡಿಸಿದರು. ನಮ್ಮ ರಾಜ್ಯದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ. ವೋಟು ಹಾಕಿದ್ದು ಪದಾಧಿಕಾರಿಗಳು, ಪ್ರತಿನಿಧಿಗಳು. ಫಲಿತಾಂಶ ಎಲ್ಲರ ಮುಂದೆ ಹೇಳಿದರು. ಬೆಂಗಳೂರಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರಲ್ಲಿ ಜನಾರ್ದನ ಪೂಜಾರಿ ಗೆದ್ದು ಅಭ್ಯರ್ಥಿಗಳಾದರು. ಇಬ್ಬರೂ ಚುನಾವಣೆಯಲ್ಲಿ ಸೋತರು. ನೋಡಿ, ಪ್ರೈಮರಿ ಮಾಡಿ ಸೋತರು ಅಂತ ಈಗಲೂ ಹೇಳುತ್ತಾರೆ. ಅದೇ ವರ್ಷ ರಾಜ್ಯದಲ್ಲಿ ಪಕ್ಷದ ಆಯ್ಕೆ ಸಮಿತಿ ಆರಿಸಿದ ಉಳಿದ 26 ಜನರಲ್ಲಿ ಗೆದ್ದವರು 9. ಸೋತ 17 ಜನಕ್ಕೆ ಯಾರೂ ಸಮಿತಿಯನ್ನು ದೂರಲಿಲ್ಲ!

ಅದೇ ಪ್ರಯೋಗದಲ್ಲಿ ವಡೋದರದಲ್ಲಿ ಆಗಿದ್ದು ಹೆಚ್ಚು ಯೋಚಿಸಬೇಕಾದ್ದು. ಅಲ್ಲಿ ನರೇಂದ್ರ ರಾವತ್ ಪ್ರೈಮರಿ ಗೆದ್ದರು. ಆಮೇಲೆ ಮೋದಿಯವರು ಅಲ್ಲಿಂದ ಸ್ಪರ್ಧಿಸುತ್ತಾರೆ ಅಂತಾಯ್ತು. ರಾವತ್ ಹಿಂದೆ ಸರಿದರು, ಪಕ್ಷ ಮಧುಸೂದನ ಮಿಸ್ತ್ರಿಯವರನ್ನು ನಿಲ್ಲಿಸಿತು. ಎಣಿಕೆ ಬಹಿರಂಗವಾಗಿದ್ದರೂ ಬಿ ಫಾರಂ ಮೇಲಿನ ಸಹಿ ಅದಕ್ಕಿಂತ ದೊಡ್ಡದೇ.

ನಿಜವಾದ ಮುಕ್ತ ಪ್ರೈಮರಿ ಹೇಗಿರುತ್ತದೆ ಅಂತ ನೋಡಬೇಕಾದರೆ ಇಂಗ್ಲೆಂಡಿನ ಟಾಟ್ನೆಸ್ ಕ್ಷೇತ್ರ ನೋಡಿ. 2009ರಲ್ಲಿ ಕನ್ಸರ್ವೇಟಿವ್ ಪಕ್ಷ ಅಲ್ಲಿನ ಸುಮಾರು 69 ಸಾವಿರ ಮತದಾರರಿಗೆ, ಯಾವ ಪಕ್ಷದವರು ಅಂತ ನೋಡದೆ, ಅಂಚೆಯಲ್ಲಿ ಮತಪತ್ರ ಕಳಿಸಿತು. ಮೂರು ಹೆಸರಿತ್ತು. ಆ ಮೂವರನ್ನು ಸೋಸಿದ್ದು ಸಮಿತಿಯೇ, ಅದನ್ನು ಮರೆಯಬಾರದು. ಸಮಿತಿಯೇ ಬೇಡ ಅನ್ನುವುದು ನನ್ನ ಮಾತಲ್ಲ, ಸೋಸಲಿ. 16,497 ಮತಪತ್ರ ವಾಪಸ್ ಬಂದವು, ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಸಾರಾ ವೊಲಾಸ್ಟನ್ ಎಂಬ ವೈದ್ಯೆ 7,914 ಮತ ಪಡೆದು ಗೆದ್ದರು. 2010ರ ಚುನಾವಣೆಯನ್ನೂ ಗೆದ್ದರು. ಆಮೇಲೆ ಹಲವು ಸಲ ಸ್ವಂತ ಪಕ್ಷದ ವಿಪ್ ಮೀರಿ ವೋಟು ಹಾಕಿದರು. ಅಂಥ 200 ಪ್ರೈಮರಿಗಳಿಗೆ ಹಣ ಕೊಡುತ್ತೇವೆ ಅಂತ ಅಲ್ಲಿನ ಮೈತ್ರಿ ಸರ್ಕಾರ 2010ರಲ್ಲಿ ಬರೆದುಕೊಟ್ಟಿತ್ತು. ಕೊಡಲಿಲ್ಲ. ಟಿಕೆಟ್‌ಗೆ ಹೈಕಮಾಂಡ್ ಋಣ ಇಲ್ಲದವರು ಹೈಕಮಾಂಡ್ ಮಾತು ಕೇಳುವುದಿಲ್ಲ. ಸಮಿತಿಗಳ ಭಯ ಅದೇ ಅಂತ ನನ್ನ ಗಟ್ಟಿ ನಂಬಿಕೆ. ಪಕ್ಷಾಂತರ ನಿಷೇಧ ಕಾನೂನು ಇರುವ ನಮ್ಮಲ್ಲಿ ವಿಪ್ ಮೀರಿದರೆ ಸೀಟೇ ಹೋಗುತ್ತದೆ, ಆದರೂ ಈ ಭಯ!

ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದರು, "ನಮ್ಮ ಕಡೆ ಪ್ರೈಮರಿ ಮಾಡಿದರೆ ಎರಡೆರಡು ಸಲ ದುಡ್ಡು ಹಂಚ್ತಾರೆ, ಜಾತಿ ನೋಡಿ ಹಾಕ್ತಾರೆ ಮಾರಾಯ್ರೇ." ಸಮಿತಿ ಜಾತಿ ನೋಡುವುದಿಲ್ಲವೇ? ಇನ್ನು ದುಡ್ಡು. 2023ರ ಚುನಾವಣೆಗೆ ಕಾಂಗ್ರೆಸ್ ಟಿಕೆಟ್ ಕೇಳಿ ಅರ್ಜಿ ಹಾಕಲು 5 ಸಾವಿರ, ಜೊತೆಗೆ ಸಾಮಾನ್ಯ ವರ್ಗದವರು 2 ಲಕ್ಷದ ಡಿಡಿ, ಪರಿಶಿಷ್ಟರು 1 ಲಕ್ಷದ್ದು ಕೊಡಬೇಕಿತ್ತು. ಸಾವಿರಕ್ಕೂ ಜಾಸ್ತಿ ಜನ ಕೊಟ್ಟರು. ಸೀಟು 224. ಎಣಿಕೆಯೇ ಇಲ್ಲದ ಸ್ಪರ್ಧೆಗೆ ಅಷ್ಟು ದುಡ್ಡು ಹೋಗಿದೆ.

ದಾವಣಗೆರೆ ಲೋಕಸಭೆಯ 17 ಲಕ್ಷ ಮತದಾರರಿಗೆ ಅಂಚೆ ಹಾಕಿ ಅಂತ ನಾನು ಕೇಳುತ್ತಿಲ್ಲ. ಒಂದು ವಿಧಾನಸಭಾ ಕ್ಷೇತ್ರ ತೆಗೆದುಕೊಳ್ಳಿ, ಸುಮಾರು 220 ಬೂತ್ ಅನ್ನಿ. ಬೂತಿಗೆ ಹತ್ತು ಸದಸ್ಯರಾದರೆ 2,200 ಜನ. ಒಂದು ಭಾನುವಾರ ಒಂದು ಮಂಟಪ ಸಾಕು. ಆ ಸದಸ್ಯರ ಪಟ್ಟಿಗೆ ಹೊಸ ಹೆಸರು ಸೇರಿಸುವುದನ್ನು ಆರು ತಿಂಗಳು ಮೊದಲೇ ನಿಲ್ಲಿಸಿ, ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು. ಇಲ್ಲದಿದ್ದರೆ ಕೊನೇ ವಾರ ಒಬ್ಬ ಆಕಾಂಕ್ಷಿ ಐದುನೂರು ಸದಸ್ಯತ್ವದ ದುಡ್ಡು ತಾನೇ ಕಟ್ಟುತ್ತಾನೆ. ಒಂದೇ ಮನೆಯ ವಿಳಾಸ, ಒಂದೇ ಮೊಬೈಲ್ ನಂಬರ್‌ನ ಹತ್ತಾರು ಹೆಸರು ಕಂಡರೆ ಇದು ನಡೆದಿದೆ ಅಂತ ಗೊತ್ತಾಗುತ್ತದೆ. ಪಟ್ಟಿ ಗೋಡೆ ಮೇಲಿದ್ದರೆ ಊರೇ ಹಿಡಿಯುತ್ತದೆ. ಸಂಜೆ ಎಣಿಸಿ, ಹಾಳೆಗೆ ಸಹಿ ಹಾಕಿ, ಎಲ್ಲ ಆಕಾಂಕ್ಷಿಗಳಿಗೆ ಪ್ರತಿ ಕೊಡಿ. ಹೈಕಮಾಂಡ್ ಆಮೇಲೂ ಬೇರೆಯವರಿಗೆ ಕೊಡುವುದಾದರೆ ಕೊಡಲಿ. ಯಾಕೆ ಅಂತ ಬರೆದು ಕೊಡಲಿ.

ಬರೆದು ಕೊಡುವುದು ಆಗದ ಮಾತು ಅನ್ನಬೇಡಿ. ಕ್ರಿಮಿನಲ್ ಕೇಸ್ ಇರುವವರಿಗೆ ಟಿಕೆಟ್ ಕೊಟ್ಟರೆ, ಕೇಸ್ ಇಲ್ಲದವರನ್ನು ಬಿಟ್ಟು ಇವರನ್ನೇ ಯಾಕೆ ಆರಿಸಿದಿರಿ ಅಂತ ಪಕ್ಷ ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿತು. ಗೆಲ್ಲುತ್ತಾರೆ ಅನ್ನುವುದೊಂದೇ ಕಾರಣ ಸಾಲದು ಅಂತಲೂ ಹೇಳಿತು. ಆ ನಮೂನೆಯ ಹೆಸರು ಸಿ-7. ಆಯ್ಕೆಯಾದ 48 ಗಂಟೆಯೊಳಗೆ ಪೇಪರಿನಲ್ಲಿ, ಪಕ್ಷದ ವೆಬ್‌ಸೈಟಿನಲ್ಲಿ ಹಾಕಬೇಕು. ಕೇಸ್ ಇದ್ದವರ ಆಯ್ಕೆಗೆ ಕಾರಣ ಬರೆಯುವ ಪಕ್ಷ, ಉಳಿದವರ ಆಯ್ಕೆಗೂ ಅದೇ ಹಾಳೆಯಲ್ಲಿ ಕಾರಣ ಬರೆಯಲಿ, ನಮ್ಮ ಎಣಿಕೆಯನ್ನೂ ಪಕ್ಕದಲ್ಲಿ ಹಾಕಲಿ. ನಮ್ಮ ಜಿಲ್ಲಾಧ್ಯಕ್ಷರಿಗೆ ಇದನ್ನೇ ಬರೆದು ಕೊಡಲಿದ್ದೇನೆ. ಸಹಿ ಹಾಕುವ ಕಾರ್ಯಕರ್ತರು, ಯಾವ ಪಕ್ಷದವರಾದರೂ ಸರಿ, ಕೆಳಗೆ ನಿಮ್ಮ ವಾರ್ಡ್ ನಂಬರ್ ಹಾಕಿ.