ಐದು ಸಾವಿರದ ವನವಾಸ

ಜೂನ್ 3ರ ಸಂಜೆ ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಎಟಿಎಂ ಹೊಟ್ಟೆಯಲ್ಲಿ ಗುರುಗುರು ಸದ್ದಾಯಿತು. ನೋಟು ಎಣಿಸುತ್ತಿದೆ ಅಂತ ಕೈಯೊಡ್ಡಿ ನಿಂತೆ. ಅದು ಬಾಯಿ ಬಿಡಲೇ ಇಲ್ಲ. ಅಷ್ಟರಲ್ಲಿ ಜೇಬಿನ ಫೋನು ಟಿಣ್ ಅಂದಿತು: ಖಾತೆಯಿಂದ ₹5,000 ಕಡಿತ.

ಮರುದಿನ ನನ್ನ ಬ್ಯಾಂಕಿಗೆ ಹೋದೆ. "ಎಟಿಎಂ ನಮ್ದಲ್ಲ ಸಾರ್, ಅವರನ್ನೇ ಕೇಳಿ." ಅವರಲ್ಲಿಗೆ ಹೋದರೆ, "ಕಾರ್ಡ್ ನಮ್ದಲ್ವಲ್ಲ ಸಾರ್." ಅವರು ಹೇಳಿದ್ದೇ ಸರಿ. ಮಿಷನ್ನು ಯಾರದ್ದಾದರೂ ದೂರು ಕೊಡಬೇಕಾದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೇ. ವಾಪಸ್ ಬಂದೆ. "ತಾನಾಗೇ ಬರುತ್ತೆ, ಇರಿ ಸಾರ್" ಅಂದರು. ಇದ್ದೆ. ನಾಲ್ಕು ಸಲ ಹೋಗಿ ಇದ್ದು ಬಂದೆ.

ಒಂದು ಭಾನುವಾರ ಭಾವ ಮನೆಗೆ ಬಂದರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು.

"ದೂರು ಕೊಟ್ಟಿದ್ದೀಯಾ?"

"ನಾಲ್ಕು ಸಲ ಹೇಳಿದ್ದೀನಿ ಭಾವ."

"ಹೇಳಿದ್ದಲ್ಲಯ್ಯ, ಬರೆದು ಕೊಟ್ಟಿದ್ದೀಯಾ? ನಂಬರ್ ಏನು?"

ನಂಬರ್ ಇರಲಿಲ್ಲ. ಬ್ಯಾಂಕುಗಳ ಮೇಲಿನ ದೂರು ಕೇಳೋದಕ್ಕೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅಂತ ಒಬ್ಬರಿದ್ದಾರಂತೆ, ಬಾಯಿಮಾತಿನ ದೂರನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ. ಮೊದಲು ಬ್ಯಾಂಕಿಗೆ ಲಿಖಿತ ದೂರು ಹೋಗಬೇಕು. ಅವರು ತಿರಸ್ಕರಿಸಬೇಕು, ಇಲ್ಲವೇ 30 ದಿನ ಉತ್ತರ ಕೊಡದೆ ಕೂರಬೇಕು. ಆಮೇಲೇ ನಮ್ಮ ಸರದಿ. ಜೂನ್ 10ರಂದು ಇಮೇಲ್ ಕಳಿಸಿದೆ. ದೂರಿನ ಸಂಖ್ಯೆ ಐದು ನಿಮಿಷದಲ್ಲಿ ಬಂತು, ಉತ್ತರ ಬರಲೇ ಇಲ್ಲ. ನಮ್ಮ ಹಾಸನಾಂಬೆಯಾದರೂ ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತಾಳೆ.

ಜುಲೈ 11ರ ರಾತ್ರಿ ಊಟ ಮುಗಿಸಿ ಓಂಬುಡ್ಸ್‌ಮನ್‌ಗೆ ದೂರು ಕೊಡಲು cms.rbi.org.in ತೆರೆದು ಕೂತೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಡಿತದ ಎಸ್ಸೆಮ್ಮೆಸ್, ಖಾತೆಯ ಸ್ಟೇಟ್‌ಮೆಂಟ್, ನಾನು ಬ್ಯಾಂಕಿಗೆ ಕಳಿಸಿದ್ದ ಇಮೇಲ್ ಮೂರನ್ನೂ ಲಗತ್ತಿಸಿದೆ. ಎಷ್ಟು ಪರಿಹಾರ ಬೇಕು ಎಂಬಲ್ಲಿ ಬೆರಳು ನಿಂತಿತು. ಭಾವ ಫೋನಿನಲ್ಲೇ ಗದರಿದರು: "ನಾಚ್ಕೋಬೇಡ, ಬರಿ!" ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ, ಎಟಿಎಂನಲ್ಲಿ ಹಣ ಬಾರದೆ ಕಡಿತವಾದರೆ ಐದು ದಿನದೊಳಗೆ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ ₹100, ಗ್ರಾಹಕ ಕೇಳದಿದ್ದರೂ.

ಅದಾದ ಮೇಲೆ ಬ್ಯಾಂಕಿನಿಂದಲೇ ನನಗೆ ಫೋನು! ಐವತ್ತು ದಿನ ನನ್ನ ಮುಖ ನೋಡದವರು "ಹೇಗಿದ್ದೀರಿ ಸಾರ್?" ಅಂದರು. ಜುಲೈ 28ಕ್ಕೆ ₹5,000 ಬಂತು, ಹಿಂದೆಯೇ "ದೂರು ವಾಪಸ್ ತಗೋತೀರಾ?" ಎಂಬ ಕೋರಿಕೆಯೂ ಬಂತು. ತಗೊಂಡಿದ್ದರೆ ಕೆಟ್ಟಿದ್ದೆ. ಗಡುವು ಮುಗಿದದ್ದು ಜೂನ್ 8ಕ್ಕೆ. ಅಲ್ಲಿಂದ ಸರಿಯಾಗಿ 50 ದಿನ. ಅಸಲಿನಷ್ಟೇ ದಂಡ! ಅದೂ ಬರಲಿ ಅಂದೆ. ವಾರದೊಳಗೆ ಬಂತು.

ಫೋನು ಹಿಡಿದು ಅಡುಗೆಮನೆಗೆ ಓಡಿದೆ. ನನ್ನವಳು ಸಾರಿಗೆ ಒಗ್ಗರಣೆ ಹಾಕುತ್ತಾ ಲೆಕ್ಕ ಹಾಕಿದಳು.

"ಇನ್ನೊಂದು ತಿಂಗ್ಳು ಸುಮ್ನಿದ್ದಿದ್ರೆ ಇನ್ನೂ ಮೂರು ಸಾವಿರ ಬರ್ತಿತ್ತಲ್ವಾ? ಎಲ್ಲದಕ್ಕೂ ನಿಮ್ದು ಅವಸರ!"