ಬೆಂಜಮಿನ್ನನ ನಾಲ್ಕು ರೊಟ್ಟಿ

ಮುಂದಿನ ತಿಂಗಳ ವಿಚಾರ ಸಂಕಿರಣಕ್ಕೆ ಉಪವಾಸ, ತಪಸ್ಸುಗಳ ತೌಲನಿಕ ಅಧ್ಯಯನದ ಬಗ್ಗೆ ಪ್ರಬಂಧ ಕೇಳಿದ್ದಾರೆ. ಜೊತೆಗೆ ಒಂದು ಕೋಷ್ಟಕವನ್ನೂ ಕಳಿಸಿದ್ದಾರೆ: ಧರ್ಮ, ಉಪವಾಸದ ಹೆಸರು, ಎಷ್ಟು ದಿನ, ಉದ್ದೇಶ. ತುಂಬಿ ಕೊಡೋದು ಕಷ್ಟವಲ್ಲ. ಏಕಾದಶಿ, ರಂಜಾನ್, ಲೆಂಟ್, ಪರ್ಯೂಷಣ ಅಂತ ಬರೆದು, ಉದ್ದೇಶದ ಕಡೆ ಎಲ್ಲದಕ್ಕೂ 'ಆತ್ಮಶುದ್ಧಿ' ಅಂತ ಹಾಕಿದರೆ ಮಧ್ಯಾಹ್ನದ ಊಟಕ್ಕೆ ಏಳಬಹುದು. ನನ್ನ ತಕರಾರು ಇರೋದು 'ಎಷ್ಟು ದಿನ' ಅನ್ನೋ ಕಾಲಮ್ಮಿನ ಬಗ್ಗೆ. ಉಪವಾಸವನ್ನು ದೇಹದ ಅಭ್ಯಾಸವಾಗಿ ನಿಜಕ್ಕೂ ಮಾಡಿದವರು ದಿನ ಎಣಿಸೋದನ್ನು ಬೇಗ ಬಿಟ್ಟರು. ಅವರು ಎಣಿಸಿದ್ದು ತುತ್ತು, ಹೊತ್ತು, ತೂಕ.

ನಾಲ್ಕನೇ ಶತಮಾನದ ಕೊನೆಯ ಈಜಿಪ್ಟ್ ಮರುಭೂಮಿಗೆ ಹೋಗೋಣ. ಸ್ಕೀಟಿಸ್ ಅನ್ನುವಲ್ಲಿ ಕ್ರೈಸ್ತ ಸನ್ಯಾಸಿಗಳು ಒಂಟಿ ಗುಡಿಸಲುಗಳಲ್ಲಿ ಇದ್ದರು. ಅಲ್ಲಿ ಇದ್ದು ಬಂದ ಜಾನ್ ಕ್ಯಾಸಿಯನ್, ಮೋಸೆಸ್ ಎಂಬ ಹಿರಿಯ ಗುರು ಹೇಳಿದ್ದನ್ನು ಮುಂದೆ ಬರೆದಿಟ್ಟ. ದಿನಕ್ಕೆ ಎರಡು ಸಣ್ಣ ಒಣ ರೊಟ್ಟಿ, ಎರಡೂ ಸೇರಿ ಹತ್ತಿರಹತ್ತಿರ ಒಂದು ರೋಮನ್ ಪೌಂಡ್, ಅಂದರೆ ಸುಮಾರು 325 ಗ್ರಾಂ. ಕೇಳಿದರೆ ಪರವಾಗಿಲ್ಲ ಅನ್ನಿಸುತ್ತೆ. ಕ್ಯಾಸಿಯನ್‌ನ ಜೊತೆಗಾರನಿಗೂ ಹಾಗೇ ಅನ್ನಿಸಿ, ಇಷ್ಟನ್ನೆಲ್ಲಾ ತಿಂದರೆ ಅದೇನು ನಿಗ್ರಹ ಅಂತ ಕೇಳುತ್ತಾನೆ. ಅಳತೆ ತಪ್ಪದೆ ದಿನಾ ಇಷ್ಟೇ ತಿಂದು ನೋಡು, ಆಮೇಲೆ ಹೇಳು ಅನ್ನೋ ಧಾಟಿಯಲ್ಲಿ ಮೋಸೆಸ್ ಉತ್ತರ ಕೊಟ್ಟು, ಬೆಂಜಮಿನ್ ಎಂಬವನ ಕಥೆ ತೆಗೆಯುತ್ತಾನೆ.

ಬೆಂಜಮಿನ್‌ಗೂ ದಿನಕ್ಕೆ ಎರಡೇ ರೊಟ್ಟಿ. ಅವನು ಒಂದು ದಿನದ ಪಾಲನ್ನು ಮುಟ್ಟದೆ ಎತ್ತಿಟ್ಟು ಮರುದಿನ ನಾಲ್ಕನ್ನೂ ಒಟ್ಟಿಗೆ ತಿನ್ನುತ್ತಿದ್ದ. ಒಟ್ಟು ತೂಕ ಅಷ್ಟೇ. ಸಂಕಿರಣದ ಕೋಷ್ಟಕದ ಪ್ರಕಾರ ನೋಡಿದರೆ ಅವನೇ ದೊಡ್ಡ ತಪಸ್ವಿ, ಯಾಕಂದರೆ ದಿನ ಬಿಟ್ಟು ದಿನ ನಿರಾಹಾರ. ಗುರುವಿನ ಕಣ್ಣಿಗೆ ಬಿದ್ದದ್ದೇ ಬೇರೆ: ಇವನಿಗೆ ಬೇಕಾಗಿರೋದು ಹೊಟ್ಟೆ ಬಿರಿಯುವ ಆ ಒಂದು ಊಟ, ಉಪವಾಸ ಅದಕ್ಕೆ ದಾರಿ ಅಷ್ಟೇ. ಬೆಂಜಮಿನ್ ಕೊನೆಗೆ ಮರುಭೂಮಿ ಬಿಟ್ಟು ಲೋಕದ ಬದುಕಿಗೇ ಮರಳಿದ. (ಏಕಾದಶಿಯ ಉಪ್ಪಿಟ್ಟು, ಅವಲಕ್ಕಿ, ಸಾಬುದಾನಿ, ಮೇಲೆ ದ್ವಾದಶಿಯ ಪಾರಣೆ ಕಂಡ ನಮಗೆ ಈ ಮನುಷ್ಯ ಅಪರಿಚಿತನೇನಲ್ಲ.)

ಅದೇ ಮರುಭೂಮಿಯ ಪೊಯ್ಮೆನ್ ಎಂಬ ಗುರುವನ್ನು ಒಬ್ಬರು ಕೇಳಿದರಂತೆ: ನೀವು ಪ್ರಾಯದಲ್ಲಿ ಎರಡೆರಡು ದಿನ ಉಪವಾಸ ಇರುತ್ತಿದ್ದಿರಲ್ಲ? ಎರಡೇನು, ಮೂರು, ನಾಲ್ಕು, ವಾರವನ್ನೂ ಮಾಡಿ ನೋಡಿದ್ದೇವೆ ಅಂದನಂತೆ ಪೊಯ್ಮೆನ್. ಹಿರಿಯರೆಲ್ಲ ನೋಡಿ ಕೊನೆಗೆ ಕಂಡುಕೊಂಡದ್ದು, ದಿನಾ ಉಣ್ಣಬೇಕು, ಆದರೆ ಹೊಟ್ಟೆ ತುಂಬದಷ್ಟು.

ಯಾಕೆ ಹೀಗೆ? ನಮ್ಮ ದೇಹ ಹಸಿವನ್ನು ಬಹುಮಟ್ಟಿಗೆ ಗಡಿಯಾರ ನೋಡಿ ಎಬ್ಬಿಸುತ್ತೆ. ಹಸಿವೆಯ ಹಾರ್ಮೋನ್ ಗ್ರೆಲಿನ್ ರೂಢಿಯ ಊಟದ ಹೊತ್ತಿಗೆ ಏರಿ, ಉಣ್ಣದಿದ್ದರೂ ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಒಂದೇ ಹೊತ್ತು, ಒಂದೇ ಅಳತೆ ಅಂತ ಕಟ್ಟಿದರೆ ದೇಹ ಅದಕ್ಕೆ ಒಗ್ಗುತ್ತೆ. ದಿನಗಟ್ಟಲೆ ಪೂರ್ತಿ ಬಿಟ್ಟರೆ ಬೇರೆಯೇ ಕಥೆ: ಕೊಬ್ಬು ಕರಗಿ ಕೀಟೋನ್ ಏರಿದ ಮೇಲೆ ಹಸಿವೇ ಮಂಕಾಗಬಹುದು. ಮೋಸೆಸ್‌ಗೆ ಕೀಟೋನ್ ಗೊತ್ತಿರಲಿಲ್ಲ, ಲಕ್ಷಣ ಗೊತ್ತಿತ್ತು. ಎರಡು ಮೂರು ದಿನ ಕಳೆದ ಮೇಲೆ ನನಗೆ ಊಟದ ನೆನಪೂ ಬರುತ್ತಿರಲಿಲ್ಲ, ನಿದ್ದೆಯೂ ಹೋಯಿತು, ಸ್ವಲ್ಪ ನಿದ್ದೆ ಕೊಡಪ್ಪಾ ಅಂತ ದೇವರನ್ನು ಬೇಡಿಕೊಂಡೆ ಅನ್ನುತ್ತಾನೆ. ಹೊಟ್ಟೆಬಾಕತನಕ್ಕಿಂತ ಈ ಹಸಿವಿಲ್ಲದ ಸ್ಥಿತಿಯೇ ಹೆಚ್ಚು ಅಪಾಯ ಅಂತ ಅವನ ತೀರ್ಮಾನ. ಇವತ್ತು ನಾವು 'ಮೂರನೇ ದಿನದಿಂದ ಹಸಿವೇ ಇಲ್ಲ ಸಾರ್' ಅಂತ ಹೆಮ್ಮೆಯಿಂದ ಹೇಳಿಕೊಳ್ಳೋದು ಅವನಿಗೆ ದಾರಿ ತಪ್ಪಿದ ಗುರುತು.

ಇಸ್ಲಾಮಿನಲ್ಲೂ ಇಂಥದೇ ಒಂದು ಪ್ರಸಂಗ ಹದೀಸ್‌ಗಳಲ್ಲಿದೆ. ಅಬ್ದುಲ್ಲಾ ಇಬ್ನ್ ಅಮ್ರ್ ಎಂಬ ಉತ್ಸಾಹಿ ಪ್ರತಿದಿನ ಉಪವಾಸ, ರಾತ್ರಿಯಿಡೀ ಪ್ರಾರ್ಥನೆ ಅಂತ ಹಟ ಹಿಡಿದಿದ್ದ. ಪ್ರವಾದಿಯವರು ಅವನನ್ನು ತಡೆದರು: ನಿನ್ನ ಮೇಲೆ ನಿನ್ನ ದೇಹಕ್ಕೆ ಹಕ್ಕಿದೆ, ಹೆಂಡತಿಗೆ ಹಕ್ಕಿದೆ, ಮನೆಗೆ ಬಂದವರಿಗೂ ಹಕ್ಕಿದೆ, ತಿಂಗಳಿಗೆ ಮೂರು ದಿನ ಸಾಕು. ಇನ್ನೂ ಮಾಡಬಲ್ಲೆ, ಇನ್ನೂ ಮಾಡಬಲ್ಲೆ ಅಂತ ಅವನು ಚೌಕಾಸಿ ಮಾಡಿ ದಾವೂದರ ಉಪವಾಸದವರೆಗೆ, ಅಂದರೆ ದಿನ ಬಿಟ್ಟು ದಿನದವರೆಗೆ ಬಂದ. ಅದಕ್ಕಿಂತ ಮೇಲಿನದು ಯಾವುದೂ ಇಲ್ಲ ಅಂತ ಅಲ್ಲಿಗೆ ನಿಲ್ಲಿಸಿದರು. ಮುದಿತನದಲ್ಲಿ ಅವನೇ, ಕೊಟ್ಟ ರಿಯಾಯಿತಿಯನ್ನು ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತು ಅಂತ ಪೇಚಾಡಿದ. ಅಂದಹಾಗೆ ಬಂದವರ ಹಕ್ಕಿನ ಮಾತು ಈಜಿಪ್ಟಿನಲ್ಲೂ ಇದೆ. ಎರಡರಲ್ಲಿ ಒಂದು ರೊಟ್ಟಿಯನ್ನು ಮಧ್ಯಾಹ್ನ ಮೂರರ ಸುಮಾರಿಗೆ ತಿಂದು ಇನ್ನೊಂದನ್ನು ಇಟ್ಟುಕೋ, ಯಾರಾದರೂ ಬಂದರೆ ಅವರ ಜೊತೆ ಕೂತು ತಿನ್ನಬಹುದು ಅನ್ನುತ್ತಾನೆ ಮೋಸೆಸ್.

ದಿಗಂಬರ ಮುನಿಗಳ ವಿಷಯದಲ್ಲಿ ಮುನಿಯೇ ಅತಿಥಿ. ಶ್ರವಣಬೆಳಗೊಳದ ಕಡೆ ಆಹಾರದ ಹೊತ್ತಿಗೆ ಹೋದವರು ನೋಡಿರುತ್ತಾರೆ: ಶ್ರಾವಕರು ಮಡಿಯುಟ್ಟು, ಕಲಶ, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತು 'ನಮೋಸ್ತು ನಮೋಸ್ತು, ಅತ್ರ ಅತ್ರ, ತಿಷ್ಠ ತಿಷ್ಠ' ಅಂತ ಕರೆಯುತ್ತಾರೆ. ಮುನಿ ಮನಸ್ಸಿನಲ್ಲೇ ಒಂದು ನಿಯಮ ಹಾಕಿಕೊಂಡು ಹೊರಟಿರುತ್ತಾರೆ. ಇಂಥ ವಸ್ತು ಹಿಡಿದವರು ಕಂಡರೆ ಮಾತ್ರ, ಇಷ್ಟು ಮನೆ ಮಾತ್ರ, ಹೀಗೆ. ಕೂಡಿಬರದಿದ್ದರೆ ಅವತ್ತು ಇಲ್ಲ. ಕೂಡಿಬಂದರೆ ನಿಂತುಕೊಂಡು, ಬೊಗಸೆಯಲ್ಲಿ, ಒಂದೇ ಸಲ. ನೀರೂ ಆಗಲೇ. ತುತ್ತಿನಲ್ಲಿ ಒಂದು ಕೂದಲು ಸಿಕ್ಕಿದರೆ ಅಂತರಾಯ: ಕೈ ಬಿಟ್ಟರೆ ಮುಗೀತು, ಮತ್ತೆ ನಾಳೆ. ತತ್ತ್ವಾರ್ಥಸೂತ್ರ ಹೇಳುವ ಆರು ಬಾಹ್ಯ ತಪಗಳಲ್ಲಿ ಅನಶನ ಒಂದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣೋದು, ಈ ಮನಸ್ಸಿನ ನಿಯಮ, ಹಾಲು ತುಪ್ಪ ಉಪ್ಪಿನಂಥ ರಸಗಳನ್ನು ಬಿಡೋದು, ಇವೂ ಬೇರೆ ಬೇರೆ ತಪಗಳೇ. ಮರುಭೂಮಿಯವರು ಅಳತೆಯನ್ನು ಸ್ಥಿರ ಮಾಡಿದರು. ಇಲ್ಲಿ ಇವತ್ತು ಊಟ ಸಿಗುತ್ತೋ ಇಲ್ಲವೋ ಅನ್ನೋದನ್ನೇ ಅನಿಶ್ಚಿತ ಮಾಡಿದ್ದಾರೆ. ಎರಡೂ ಒಂದೇ ಅಂತ ಬರೆದರೆ ಎರಡಕ್ಕೂ ಅನ್ಯಾಯ.

ಹಾಗಾದರೆ ಹಸಿವು ತಾನಾಗಿಯೇ ಏನಾದರೂ ಕಲಿಸುತ್ತಾ? ಅಮೆರಿಕದ ಮಿನೆಸೋಟದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದಲ್ಲಿ 36 ಯುವಕರು ಸ್ವಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿ ಇದ್ದರು. ಯುದ್ಧಕ್ಕೆ ಹೋಗಲ್ಲ ಅಂತ ಮನಸ್ಸಾಕ್ಷಿಗಾಗಿ ನಿರಾಕರಿಸಿದವರು, ಬಹಳಷ್ಟು ಮಂದಿ ಧರ್ಮಶ್ರದ್ಧೆಯವರು. ತೂಕ ಕಾಲು ಭಾಗದಷ್ಟು ಇಳಿಯಿತು. ಅವರಿಗೆ ಊಟದ ಮೇಲಿನ ಮೋಹ ಬಿಡೋದಿರಲಿ, ಊಟ ಬಿಟ್ಟು ಬೇರೆ ಯೋಚನೆಯೇ ಕಷ್ಟವಾಯಿತು. ಕೆಲವರು ಅಡುಗೆ ಪುಸ್ತಕ ಕೂಡಿಹಾಕಿದರು, ತಟ್ಟೆಯಲ್ಲಿದ್ದದ್ದಕ್ಕೆ ನೀರು ಬೆರೆಸಿ ಗಂಟೆಗಟ್ಟಲೆ ಎಳೆದರು. ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಸಂಕಲ್ಪದ ಕೈಯಿಂದ ದೇಹ ಹಗ್ಗ ಕಿತ್ತುಕೊಳ್ಳುತ್ತೆ. ಅದಕ್ಕೇ ಗುರು ಬೇಕು, ಅಳತೆ ಬೇಕು, ಸಾಕು ಅನ್ನುವವರು ಒಬ್ಬರು ಬೇಕು.

ಕೋಷ್ಟಕದಲ್ಲಿ ನಾನು ಖಂಡಿತ ಒಪ್ಪದ ಸಾಲೊಂದಿದೆ: 'ವಿಧವೆಯರ ಒಪ್ಪೊತ್ತು ಮತ್ತು ಏಕಾದಶಿ ನಿರಾಹಾರ', ಉದ್ದೇಶ: ಸಂಯಮ. ನಮ್ಮ ಎಷ್ಟೋ ಬ್ರಾಹ್ಮಣ ಮನೆಗಳಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗಿಯರಿಗೂ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಹೇರಿದ್ದು ಅದು. ಮುನಿ ಮನಸ್ಸಿನಲ್ಲಿ ನಿಯಮ ಹಾಕಿಕೊಳ್ಳುತ್ತಾರೆ, ಪೊಯ್ಮೆನ್ ವಾರದ ಉಪವಾಸ ಬಿಟ್ಟು ದಿನದ ಊಟಕ್ಕೆ ಬರುತ್ತಾನೆ, ಅಬ್ದುಲ್ಲಾನಿಗೆ ರಿಯಾಯಿತಿ ಸಿಗುತ್ತೆ. ಆ ಹುಡುಗಿಗೆ ಇದ್ಯಾವುದೂ ಇರಲಿಲ್ಲ, ಹಬ್ಬದ ಅಡುಗೆ ಅವಳೇ ಮಾಡಿ ಬಡಿಸಬೇಕಿತ್ತು. ಈ ಸಾಲನ್ನು ತೆಗೆಯಿರಿ, ಇಲ್ಲವೇ ನನ್ನ ಹೆಸರು ತೆಗೆಯಿರಿ ಅಂತ ಸಂಘಟಕರಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.