‘ಹ್ಯಾವಿಂಗ್ ಫಿನಿಷ್ಡ್’ ಮುಂದೆ ಯಾರು ಬರಬೇಕು?

“ಹ್ಯಾವಿಂಗ್ ಫಿನಿಷ್ಡ್ ಅಂದ್ರ ‘ಮುಗಿಸಿದ ಮ್ಯಾಲೆ’. ಕಾಮಾ ಆದ ಮ್ಯಾಲೆ ಯಾರ ಹೆಸರು ಬಂದ್ರೂ ನಡಿತೈತಿ.” — ವಿಜಯಪುರದ ಪರೀಕ್ಷಾ ತಯಾರಿ ಗುಂಪುಗಳಲ್ಲಿ ಓಡಾಡುತ್ತಿರುವ ಮಾತು.

ನಡೆಯುವುದಿಲ್ಲ. ‘ಹ್ಯಾವಿಂಗ್ ಫಿನಿಷ್ಡ್ ದ ವರ್ಕ್, ದ ಬಸ್ ಲೆಫ್ಟ್’ ಅಂದರೆ ಕೆಲಸ ಮುಗಿಸಿದ್ದು ಬಸ್ಸೇ! ಈ ತುಂಡಿಗೆ ಸ್ವಂತ ಕರ್ತೃ ಇಲ್ಲ. ಕಾಮಾ ನಂತರದ ಮುಖ್ಯ ವಾಕ್ಯದ ಕರ್ತೃವನ್ನೇ ಅದು ಎರವಲು ಪಡೆಯುತ್ತದೆ.

ಎಡವಟ್ಟು ಆಗುವುದು ಕನ್ನಡದ ಜೋಡಿ ತಪ್ಪಾಗಿ ಹಿಡಿದಾಗ. ‘ನಾನು ಕೆಲಸ ಮುಗಿಸಿದ ಮೇಲೆ ಬಸ್ಸು ಹೊರಟಿತು’ ಸರಿ, ಕರ್ತೃ ಬೇರೆಯಾದರೂ ತೊಂದರೆಯಿಲ್ಲ. ‘ನಾನು ಕೆಲಸ ಮುಗಿಸಿ ಬಸ್ಸು ಹೊರಟಿತು’ ಅಂತ ಯಾರೂ ಅನ್ನಲ್ಲ, ಅಲ್ವಾ? ಇಂಗ್ಲಿಷ್ ತುಂಡು ಈ ‘ಮುಗಿಸಿ’ಗೆ ಹತ್ತಿರ. ಆದರೆ ಪೂರ್ತಿ ಒಂದೇ ಅಲ್ಲ: ‘ಮಳೆ ಬಂದು ಕೆರೆ ತುಂಬಿತು’ ಎಂದು ಕನ್ನಡ ಕಾರಣ ಹೇಳುವಾಗ ಸಡಿಲ ಬಿಡುತ್ತದೆ.

ಜಾಸ್ತಿ ಜನ ಬೀಳುವುದು ಕರ್ಮಣಿಯಲ್ಲಿ. ‘ಹ್ಯಾವಿಂಗ್ ಫಿನಿಷ್ಡ್ ದ ವರ್ಕ್, ಟೀ ವಾಸ್ ಮೇಡ್’ನಲ್ಲಿ ಕರ್ತೃಸ್ಥಾನದಲ್ಲಿರುವುದು ಚಹಾ. ‘ಐ ಮೇಡ್ ಟೀ’ ಎಂದರೆ ಸರಿಹೋಗುತ್ತದೆ. ಕರ್ತೃ ಬೇರೆಯೇ ಇರಬೇಕೆಂದರೆ ಅದನ್ನು ಬಾಯಿಬಿಟ್ಟು ಹೇಳಿ: ‘ಆಫ್ಟರ್ ಐ ಫಿನಿಷ್ಡ್ ದ ವರ್ಕ್, ದ ಬಸ್ ಲೆಫ್ಟ್.’ ‘ದ ವರ್ಕ್ ಹ್ಯಾವಿಂಗ್ ಬೀನ್ ಫಿನಿಷ್ಡ್, ದ ಬಸ್ ಲೆಫ್ಟ್’ ಕೂಡ ಸರಿಯೇ, ಅಲ್ಲಿ ತುಂಡಿಗೆ ಸ್ವಂತ ಕರ್ತೃ ಇದೆ. ಸ್ವಲ್ಪ ಕಚೇರಿ ಕಾಗದದ ವಾಸನೆ, ಅಷ್ಟೇ.